ಎಷ್ಟು ಹಣ, ಎಲ್ಲಿಯವರೆಗೆ?

1981ರಲ್ಲಿ ಇನ್ಫೋಸಿಸ್ ಶುರುವಾದಾಗ ಸುಧಾ ಮೂರ್ತಿ ತಮ್ಮ ಉಳಿತಾಯದಿಂದ ಗಂಡನಿಗೆ 10,000 ರೂಪಾಯಿ ಕೊಟ್ಟ ಕಥೆ ನಮಗೆಲ್ಲ ಗೊತ್ತು. ಅದನ್ನು ನಾವು ತ್ಯಾಗದ ಕಥೆಯಾಗಿ ಹೇಳುತ್ತೇವೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಕೊಟ್ಟದ್ದು ಇಷ್ಟೇ ಎಂಬ ಮೊತ್ತ, ಮತ್ತು ಮನೆಗೆ ಬರುತ್ತಿದ್ದ ಅವರ ಸಂಬಳ.

ಹೆಚ್ಚಿನ ಮನೆಗಳಲ್ಲಿ ಜಗಳ ನಡೆಯುವುದು ‘ಕೆಲಸ ಬಿಡಬೇಕೋ ಬೇಡವೋ’ ಎಂಬುದರ ಮೇಲೆ. ಆ ಪ್ರಶ್ನೆಗೆ ಒಬ್ಬರು ಸೋಲಲೇಬೇಕು. ‘ಎಷ್ಟು ಹಣ, ಎಲ್ಲಿಯವರೆಗೆ’ ಎಂದು ಕೇಳಿದರೆ ಇಬ್ಬರಿಗೂ ಮಾತಾಡಲು ಜಾಗ ಸಿಗುತ್ತದೆ.

ಮೈಸೂರಿನ ಒಂದು ಮನೆ ಎಂದುಕೊಳ್ಳೋಣ. ಹೆಂಡತಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಸ್ವಂತ ಕಂಪನಿ ಮಾಡಬೇಕೆನ್ನುತ್ತಾಳೆ. ಗಂಡ ಕಾಲೇಜು ಮೇಷ್ಟ್ರು, ಸಂಬಳ 65,000. ಮನೆ ಸಾಲದ ಕಂತು, ಮಗುವಿನ ಫೀಸು, ದಿನಸಿ, ಅತ್ತೆಯ ಔಷಧಿ ಸೇರಿ ತಿಂಗಳ ಖರ್ಚು 75,000. ಉಳಿತಾಯ 9 ಲಕ್ಷ. ಇದರಲ್ಲಿ ಆರು ತಿಂಗಳ ಖರ್ಚಿನಷ್ಟು, ಅಂದರೆ 4.5 ಲಕ್ಷವನ್ನು ಮುಟ್ಟುವಂತಿಲ್ಲ. ತಿಂಗಳಿಗೆ 10,000ದ ಕೊರತೆ ಹದಿನೆಂಟು ತಿಂಗಳಿಗೆ 1.8 ಲಕ್ಷ. ಆರೋಗ್ಯ ವಿಮೆಗೆ 60,000 ಇಡೋಣ. ಕಂಪನಿಗೆ ಉಳಿಯುವುದು 2.1 ಲಕ್ಷ. ಒಂಬತ್ತು ಲಕ್ಷ ಇದೆ ಎಂದು ಹೊರಟವಳ ಕೈಯಲ್ಲಿ ನಿಜವಾಗಿ ಇರುವುದು ಇಷ್ಟೇ. ಗಂಡನ ಹೆದರಿಕೆಗೂ ಈಗ ಒಂದು ಅಳತೆ ಸಿಕ್ಕಿತು.

ವಿಮೆಯನ್ನು ಜನ ಮರೆಯುತ್ತಾರೆ. ಕೆಲಸ ಬಿಟ್ಟರೆ ಕಂಪನಿಯ ವಿಮೆಯೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಹಾಗಾಗಿ ಪಾಲಿಸಿ ಕೈಗೆ ಬಂದ ಮೇಲೇ ರಾಜೀನಾಮೆ.

ಒಪ್ಪಂದ ಮುರಿಯುವುದು ಸಾಮಾನ್ಯವಾಗಿ ಹದಿನೆಂಟನೇ ತಿಂಗಳಲ್ಲಿ. ‘ದೊಡ್ಡ ಆರ್ಡರ್ ಬರ್ತಾ ಇದೆ, ಇನ್ನೆರಡು ತಿಂಗಳು ರೀ’ ಎಂಬ ಮಾತು ಬರುತ್ತದೆ. ಅದಕ್ಕೇ ಮೊದಲೇ ಬರೆದಿಡಬೇಕು: ಬರಲಿರುವ ಆರ್ಡರ್ ಲೆಕ್ಕಕ್ಕಿಲ್ಲ, ಖಾತೆಗೆ ಬಿದ್ದ ಹಣ ಮಾತ್ರ ಲೆಕ್ಕ. ತಿಂಗಳಿಗೊಮ್ಮೆ ಇಬ್ಬರೂ ಕೂತು ಖಾತೆ ನೋಡಬೇಕು. ಕ್ರೆಡಿಟ್ ಕಾರ್ಡ್ ಬಾಕಿಯೋ ಅಡವಿಟ್ಟ ಬಳೆಯೋ ಬ್ಯಾಂಕಿನ ಮೆಸೇಜಿನಿಂದ ಗೊತ್ತಾದರೆ, ಹಣಕ್ಕಿಂತ ಮೊದಲು ನಂಬಿಕೆ ಖಾಲಿಯಾಗಿದೆ ಎಂದರ್ಥ.

ಎಲ್ಲಕ್ಕಿಂತ ಅಪಾಯದ್ದು ಜಾಮೀನು ಸಹಿ. ಪ್ರೈವೇಟ್ ಲಿಮಿಟೆಡ್ ಮಾಡಿದರೆ ಸಾಲ ಮನೆವರೆಗೆ ಬರುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಆದರೆ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ನಿರ್ದೇಶಕರಿಂದ, ಕೆಲವೊಮ್ಮೆ ಅವರ ಗಂಡ ಅಥವಾ ಹೆಂಡತಿಯಿಂದಲೂ, ವೈಯಕ್ತಿಕ ಜಾಮೀನು ಕೇಳುತ್ತದೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಬೇರೆ ಷರತ್ತಿಲ್ಲದಿದ್ದರೆ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ಬ್ಯಾಂಕು ನೇರವಾಗಿ ಮೇಷ್ಟ್ರ ಬಳಿಗೇ ಬರಬಹುದು. ಆ ಒಂದು ಸಹಿಯಿಂದ 2.1 ಲಕ್ಷದ ಮಿತಿ ಅಳಿಸಿಹೋಗುತ್ತದೆ, ಸ್ಥಿರವಾಗಿದ್ದ ಸಂಬಳವೂ ಪಣಕ್ಕೆ ಬೀಳುತ್ತದೆ.

ನನ್ನ ಮಟ್ಟಿಗೆ, ಸಂಬಳ ತರುವವರು ಈ ಸಹಿ ಹಾಕಕೂಡದು. ಹಾಕಲೇಬೇಕಾದರೆ ಜಾಮೀನಿನ ಮೊತ್ತಕ್ಕೆ ಮಿತಿ ಬರೆಸಿ. ಬ್ಯಾಂಕಿನ ಮೇಜಿನ ಮೇಲೇ ಸಹಿ ಮಾಡಬೇಡಿ, ಆ ಪತ್ರದ ಪ್ರತಿಯನ್ನು ಮನೆಗೆ ತಂದು ಇಬ್ಬರೂ ಓದಿ.