ಒಂದು ರೂಪಾಯಿ ದೇಣಿಗೆ ಕೂಡಿಸಲು ಎಷ್ಟು ಪೈಸೆ ಖರ್ಚು?

ನಮ್ಮ ಬಸದಿ, ಪಾಠಶಾಲೆ, ವಿದ್ಯಾರ್ಥಿನಿಲಯಗಳ ವಾರ್ಷಿಕ ವರದಿಯಲ್ಲಿ ಕೂಡಿಬಂದ ದೇಣಿಗೆ ಇರುತ್ತದೆ. ಅದನ್ನು ಕೂಡಿಸಲು ಆದ ಖರ್ಚು ಮಾತ್ರ ಹಲವು ಲೆಕ್ಕಗಳಲ್ಲಿ ಹಂಚಿಹೋಗಿರುತ್ತದೆ. ಆ ಖರ್ಚನ್ನು ಒಟ್ಟುಮಾಡಿ, ಬಂದ ದೇಣಿಗೆಯಿಂದ ಭಾಗಿಸಿದರೆ ಒಂದು ರೂಪಾಯಿಗೆ ತಗುಲಿದ ಪೈಸೆ ಸಿಗುತ್ತದೆ.

ಒಂದು ಉದಾಹರಣೆ ನೋಡೋಣ. ವಿದ್ಯಾರ್ಥಿನಿಲಯವೊಂದು ನಿಧಿಗಾಗಿ ಕಲಶಾಭಿಷೇಕದ ಸಮಾರಂಭ ಇಟ್ಟುಕೊಂಡಿದೆ ಎನ್ನೋಣ. ಶಾಮಿಯಾನ ಮತ್ತು ಧ್ವನಿವರ್ಧಕಕ್ಕೆ 70,000, ಊಟಕ್ಕೆ 80,000, ಆಮಂತ್ರಣ ಪತ್ರಿಕೆಗೆ 30,000, ಅತಿಥಿಗಳ ಪ್ರಯಾಣ ಮತ್ತು ಶಾಲು-ಹಾರಕ್ಕೆ 20,000, ಒಟ್ಟು ಎರಡು ಲಕ್ಷ ರೂಪಾಯಿ ಖರ್ಚು. ಕಲಶದ ಸವಾಲಿನಲ್ಲಿ ಕೂಗಿದ ಮೊತ್ತ ಆರು ಲಕ್ಷ. ರೂಪಾಯಿಗೆ 33 ಪೈಸೆ ಎಂದು ಸಮಿತಿ ಸಮಾಧಾನಪಡುತ್ತದೆ.

ತಪ್ಪುವುದು ಇಲ್ಲಿಯೇ. ಕೂಗಿದ ಹಣ ಕೈಗೆ ಬಂದ ಹಣವಲ್ಲ. ಮಾರ್ಚ್ ಕೊನೆಗೆ ನಾಲ್ಕು ಲಕ್ಷಕ್ಕೆ ಮಾತ್ರ ರಸೀದಿ ಹರಿದಿದ್ದರೆ ಖರ್ಚು ರೂಪಾಯಿಗೆ 50 ಪೈಸೆ. ಅದರಲ್ಲೂ ಒಂದು ಲಕ್ಷ, ಸಮಾರಂಭ ಇರಲಿ ಬಿಡಲಿ, ಪ್ರತಿವರ್ಷ ಕೊಡುವ ಮನೆತನಗಳದು. ಸಮಾರಂಭದಿಂದ ಹೊಸದಾಗಿ ಬಂದದ್ದು ಮೂರು ಲಕ್ಷ. ಅಂದರೆ ರೂಪಾಯಿಗೆ 67 ಪೈಸೆ. ಬಾಕಿ ಸವಾಲು ವಸೂಲಾದ ದಿನ ಲೆಕ್ಕ ಸುಧಾರಿಸಬಹುದು. ಅಲ್ಲಿಯವರೆಗೆ ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು.

ಯಾರಾದರೂ ಊಟದ ಖರ್ಚು ವಹಿಸಿಕೊಂಡರೆ ಅದನ್ನು ಲೆಕ್ಕದಿಂದ ಬಿಡುವ ರೂಢಿಯಿದೆ. ಹಾಗೆ ಮಾಡಿದರೆ ಸಮಾರಂಭ ಅಗ್ಗವಾಗಿ ಕಾಣುತ್ತದೆ. ಆ 80,000ವನ್ನು ಜಮೆಯಲ್ಲೂ ಖರ್ಚಿನಲ್ಲೂ ತೋರಿಸಬೇಕು. ಆದರೆ ನಿಧಿಯ ಉದ್ದೇಶವಿಲ್ಲದೆಯೂ ಪ್ರತಿವರ್ಷ ನಡೆಯುವ ಪೂಜೆಯ ಖರ್ಚನ್ನು ಇದಕ್ಕೆ ಸೇರಿಸಬಾರದು. ಅದು ಧರ್ಮಕಾರ್ಯದ ಲೆಕ್ಕ.

ಈಗ ಮನವಿ ಪತ್ರವನ್ನು ನೋಡೋಣ. ಮುದ್ರಣ, ಅಂಚೆ ಸೇರಿ ಪತ್ರಕ್ಕೆ 20 ರೂಪಾಯಿಯಂತೆ ಸಾವಿರ ಮನೆಗಳಿಗೆ 20,000 ಖರ್ಚು. 80 ಮನೆಗಳಿಂದ ತಲಾ 2,000 ಬಂದರೆ 1,60,000; ರೂಪಾಯಿಗೆ ಹನ್ನೆರಡೂವರೆ ಪೈಸೆ. ಉತ್ತರಿಸದ 920 ಮನೆಗಳಿಗೆ ಮತ್ತೆ ಬರೆದರೆ ಖರ್ಚು 18,400. ಆಗ 20 ಮನೆಗಳಿಂದ ತಲಾ ಸಾವಿರ ಬಂದರೆ ಜಮೆ 20,000. ರೂಪಾಯಿಗೆ 92 ಪೈಸೆ. ಎರಡೂ ಸುತ್ತು ಕೂಡಿಸಿದರೆ ರೂಪಾಯಿಗೆ ಸುಮಾರು 21 ಪೈಸೆ ಎಂದು ಬಂದು, ಎರಡನೆಯ ಸುತ್ತಿನ ವ್ಯರ್ಥ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ಬೇರೆ ಲೆಕ್ಕ ಬೇಕು.

ಮುಂದಿನ ವರ್ಷದ ಬಜೆಟ್ ಬರೆಯುವಾಗ ಪ್ರತಿ ಕಾರ್ಯಕ್ರಮದ ಮುಂದೆ ಖರ್ಚು, ಕಳೆದ ಬಾರಿ ನಿಜವಾಗಿ ವಸೂಲಾದ ಹಣ, ರೂಪಾಯಿಗೆ ತಗುಲಿದ ಪೈಸೆ, ಈ ಮೂರನ್ನೂ ಬರೆದಿಡಬೇಕು. ಶಾಮಿಯಾನಕ್ಕೆ ಮುಂಗಡ ಕೊಡುವ ಮೊದಲೇ ಆ ಹಾಳೆ ಸಮಿತಿಯ ಮುಂದಿರಬೇಕು. ಕೊಟ್ಟ ಮೇಲೆ ನೋಡಿ ಪ್ರಯೋಜನವಿಲ್ಲ.