ನಲವತ್ತರ ವರ್ಗಮೂಲ ಎಷ್ಟು?

ವರ್ಕ್‌ಶೀಟಿನಲ್ಲಿ 40ರ ವರ್ಗಮೂಲ ಕೇಳಿದರೆ ಕೆಲವು ಮಕ್ಕಳು ಥಟ್ಟನೆ 20 ಎಂದು ಬರೆದುಬಿಡುತ್ತಾರೆ. ಮೂಲವೆಂದರೆ ಅರ್ಧ ಎಂದುಕೊಂಡಿರುತ್ತಾರೆ. 20ನ್ನು 20ರಿಂದಲೇ ಗುಣಿಸಲು ಹೇಳಿ. 400 ಬಂದಾಗ ತಪ್ಪು ಅವರಿಗೇ ಕಾಣುತ್ತದೆ.

ಈಗ ಮಗ್ಗಿ ನೆನಪಿಸಿಕೊಳ್ಳಲಿ. ಆರಾರಲಿ 36, ಏಳೇಳಲಿ 49. ಹಾಗಾದರೆ ಉತ್ತರ 6 ಮತ್ತು 7ರ ನಡುವೆ ಇದೆ. 36ರಿಂದ 49ಕ್ಕೆ 13 ಹೆಜ್ಜೆ. 40 ಇರುವುದು ನಾಲ್ಕನೆಯದರಲ್ಲಿ. 4ನ್ನು 13ರಿಂದ ಭಾಗಿಸಿದರೆ ಸುಮಾರು 0.3, ಅಂದರೆ ಅಂದಾಜು 6.3.

ತಾಳೆ ನೋಡೋಣ: 6.3ರ ವರ್ಗ 39.69, ತುಸು ಕಡಿಮೆ. 6.4ರ ವರ್ಗ 40.96, ಹೆಚ್ಚಾಯಿತು. 6.32ಕ್ಕೆ 39.9424 ಬರುತ್ತದೆ, ಶಾಲೆಯ ಲೆಕ್ಕಕ್ಕೆ ಇಷ್ಟು ಸಾಕು.

ಘನಮೂಲಕ್ಕೂ ಇದೇ ದಾರಿ. ಆದರೆ 27 ಮತ್ತು 64ರ ನಡುವಿನ ಅಂತರ ದೊಡ್ಡದು, ಹೆಜ್ಜೆ ಎಣಿಸಿದ ಅಂದಾಜು 3.35 ಎನ್ನುತ್ತದೆ. ಮೂರು ಸಲ ಗುಣಿಸಿ ನೋಡಿದರೆ 3.42 ಹತ್ತಿರ.