ಒಂದು ವಾಕ್ಯ ಮೈಕಿಗೆ, ಮೂರು ವಾಕ್ಯ ಕಚೇರಿಗೆ

ಹೊನ್ನವಳ್ಳಿಯಲ್ಲಿ ಒಬ್ಬ ಪದವೀಧರೆ ತೆಂಗಿನ ಕಪ್ಪುತಲೆ ಹುಳುವಿನ ಬಗ್ಗೆ ಮಾಡಿದ್ದ ಪಿಪಿಟಿ ತೋರಿಸಿದರು. ಸ್ಲೈಡುಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಜೊತೆಗಿದ್ದ ನೋಟ್‌ಬುಕ್ಕಿನ ಒಂದು ಪುಟ. ಇಡೀ ಪಿಪಿಟಿಯ ಸಾರ ಅದರಲ್ಲಿ ಎರಡು ಅಳತೆಯಲ್ಲಿತ್ತು: ಆಟೋ ಮೈಕಿಗೂ ವಾಟ್ಸ್ಆ್ಯಪ್ಪಿಗೂ ಒಂದು ವಾಕ್ಯ, ತೋಟಗಾರಿಕೆ ಕಚೇರಿಯ ಅರ್ಜಿಗೆ ಮೂರು.

ಮುಖ್ಯ ಮಾತು ಮೊದಲು, ಆಧಾರ ಆಮೇಲೆ ಎಂಬ ಕ್ರಮವನ್ನು ಮೆಕಿನ್ಸಿಯಲ್ಲಿದ್ದ ಬಾರ್ಬರಾ ಮಿಂಟೊ ದಶಕಗಳ ಹಿಂದೆಯೇ ಕಲಿಸಿದ್ದರು. ಆದರೆ ತೆಂಗಿನ ಸೀಮೆಯಲ್ಲಿ ಅದು ಕೆಲಸ ಮಾಡುವುದನ್ನು ಕಂಡಾಗಲೇ ನನಗೆ ಅದರ ರುಚಿ ಹತ್ತಿದ್ದು.

ಆ ಪದವೀಧರೆಯ ಮೊದಲ ಸಾಲು ‘ಕಪ್ಪುತಲೆ ಹುಳುವಿನ ಸಮಗ್ರ ನಿರ್ವಹಣೆ’ ಎಂದಿತ್ತು. ಅದು ಬರೀ ತಲೆಬರಹ, ಯಾರಿಗೂ ‘ಇಲ್ಲ, ಹಾಗಲ್ಲ’ ಎನ್ನಲಾಗದು. ಯಾರು, ಏನು, ಯಾವಾಗ ಎಂಬುದನ್ನು ಸೇರಿಸಿ ತಿದ್ದಿದರು: ‘ಕಪ್ಪುತಲೆ ಹುಳು ಬಿದ್ದ ತೋಟದವರೆಲ್ಲ ಒಂದೇ ವಾರದಲ್ಲಿ ಗೋನಿಯೋಜಸ್ ಕೀಟ ಬಿಡೋಣ.’

ಅದನ್ನು ಜಗಲಿಯಲ್ಲಿ ಗಟ್ಟಿಯಾಗಿ ಓದಿದಾಗ ಹಿರಿಯರೊಬ್ಬರು, ‘ಹುಳಕ್ಕೆ ಹುಳ ಬಿಡೋದು ಸರಿ ಕಣವ್ವ, ನಾನು ಔಷಧಿ ಹೊಡ್ಸಿದೀನಲ್ಲ?’ ಎಂದರಂತೆ. ಈ ಪ್ರಶ್ನೆಯನ್ನು ನಾನಂತೂ ಬಿಡಲಾರೆ. ಗೋನಿಯೋಜಸ್ ಸಣ್ಣ ಕಣಜ. ಬಲಿತ ಮರಿಹುಳುವನ್ನು ಕುಟುಕಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಗರಿಗೆ ಕೀಟನಾಶಕ ಬಿದ್ದಿದ್ದರೆ ಕಣಜವೂ ಸಾಯುತ್ತದೆ, ಬಿಟ್ಟಿದ್ದೆಲ್ಲ ವ್ಯರ್ಥ. ಹದಿನೈದನೆಯ ಸ್ಲೈಡಿನಲ್ಲಿದ್ದ ಈ ಎಚ್ಚರಿಕೆ ಮೈಕಿನ ಮಾತಿನಲ್ಲಿ ಬಿಟ್ಟುಹೋಗಿತ್ತು. ಚಿಕ್ಕದು ಮಾಡುವಾಗ ಅಂಕಿ ಬಿಡಬಹುದು, ಉದಾಹರಣೆ ಬಿಡಬಹುದು. ಬಿಟ್ಟರೆ ಕೇಳಿದವನಿಗೆ ನಷ್ಟವಾಗುವ ಮಾತನ್ನು ಮಾತ್ರ ಬಿಡುವಂತಿಲ್ಲ. ‘ತೋಟದವರೆಲ್ಲ’ ಎಂಬುದರ ಮುಂದೆ ‘ಔಷಧಿ ಹೊಡೆಯದೆ’ ಸೇರಿತು. ಒಂದೇ ಉಸಿರಿಗೆ ಈಗಲೂ ಓದಬಹುದು.

ಅರ್ಜಿಯ ಒಕ್ಕಣೆ ಹೀಗಿದೆ: ‘ನಮ್ಮ ಅಕ್ಕಪಕ್ಕದ ತೋಟಗಳಲ್ಲಿ ಕಪ್ಪುತಲೆ ಹುಳು ಕೆಳಗರಿಗಳ ಹಸಿರು ತಿಂದು ಒಣಗಿಸಿದೆ. ಒಬ್ಬರೇ ಹತೋಟಿ ಮಾಡಿದರೆ ಪಕ್ಕದ ತೋಟದಿಂದ ಪತಂಗ ಮತ್ತೆ ಬರುವುದರಿಂದ, ಎಲ್ಲರೂ ಒಂದೇ ವಾರದಲ್ಲಿ ಗೋನಿಯೋಜಸ್ ಬಿಡಲು ಒಪ್ಪಿದ್ದೇವೆ. ಮರಕ್ಕೆ 10ರಿಂದ 15ರಂತೆ, 15 ದಿನಕ್ಕೊಮ್ಮೆ 4 ಸಲ ಬಿಡಲು ಬೇಕಾದಷ್ಟು ಕೀಟ ಒದಗಿಸಿಕೊಡಬೇಕು.’

ಇದು ಮೊದಲ ವಾಕ್ಯವನ್ನೇ ಎಳೆದು ಉದ್ದ ಮಾಡಿದ್ದಲ್ಲ. ಔಷಧಿಯ ಎಚ್ಚರಿಕೆ ಅಧಿಕಾರಿಗೆ ಗೊತ್ತಿರುವುದರಿಂದ ಇಲ್ಲಿಲ್ಲ. ಅವರು ಮಾಡಬೇಕಾದ ಕೆಲಸ ಮೂರನೆಯ ವಾಕ್ಯದಲ್ಲಿದೆ, ಮೈಕಿಗೆ ಅದು ಬೇಡ. ಎರಡರಲ್ಲೂ ಬದಲಾಗದೆ ಉಳಿದಿದ್ದು ‘ಎಲ್ಲರೂ, ಒಂದೇ ವಾರ’ ಎಂಬುದು. ಅದೂ ಬೇರೆಯಾಗಿದ್ದರೆ ಪಿಪಿಟಿಗೆ ಎರಡು ಸಾರವಿದೆ ಎಂದರ್ಥ, ಆಗ ತಿದ್ದಬೇಕಾದ್ದು ಸ್ಲೈಡುಗಳನ್ನು.

ಈ ವಾಕ್ಯಗಳಿಗೆ ಆಧಾರವಾಗದ ಸ್ಲೈಡುಗಳನ್ನು ಆ ಪದವೀಧರೆ ಕೊನೆಗೆ ಸರಿಸಿದ್ದಾರೆ. ಎರಡೂ ಒಕ್ಕಣೆಗಳನ್ನು ಮೊದಲ ಸ್ಲೈಡಿನ ಟಿಪ್ಪಣಿಯಲ್ಲಿ ಒಟ್ಟಿಗೆ ಇಟ್ಟಿದ್ದಾರೆ. ಮರಿಹುಳುಗಳು ಕೋಶಕ್ಕೆ ತಿರುಗಿಬಿಟ್ಟರೆ ಕಣಜ ಬಿಡಲು ಹುಳುವಿನ ಮುಂದಿನ ತಲೆಮಾರಿಗೆ ಕಾಯಬೇಕು. ಹಾಗೆ ಮಾತು ಬದಲಾದರೆ ಎರಡನ್ನೂ ಒಮ್ಮೆಗೇ ತಿದ್ದಲೆಂದು ಈ ಏರ್ಪಾಡು.